ಗಲ್ಲಾ ಪಕ್ಕದ ಟಿವಿಗೆ ಜೋಡಣೆ ಕಾಣದ ವಿಡಿಯೊ

ಕಾಫಿ ಪುಡಿ ಅಂಗಡಿಯಲ್ಲಿ ಗಿರಾಕಿಗಳು ಸುಮ್ನೆ ನಿಂತಿರುವ ಹೊತ್ತೇ ಜಾಸ್ತಿ. ಬೀಜ ಯಂತ್ರಕ್ಕೆ ಬೀಳಬೇಕು, ಪುಡಿಯಾಗಬೇಕು, ಚಿಕೋರಿ ಬೆರೆಯಬೇಕು, ಪೊಟ್ಟಣ ಸೀಲ್ ಆಗಬೇಕು. ಅಷ್ಟರಲ್ಲಿ ಕಣ್ಣು ತಾನಾಗಿ ಗಲ್ಲಾ ಪಕ್ಕದ ಟಿವಿ ಕಡೆ ಹೋಗುತ್ತದೆ. ಅಲ್ಲಿ ಓಡುವ ವಿಡಿಯೊ ಮುಗಿದು ಮತ್ತೆ ಶುರುವಾಗುವಾಗ ಒಂದು ಜರ್ಕ್ ಹೊಡೆಯಿತು ಅಂತಿಟ್ಟುಕೊಳ್ಳಿ. ಎರಡನೇ ಸುತ್ತಿನಿಂದ ಕಣ್ಣಿಗೆ ಕಾಣುವುದು ಆ ಜರ್ಕ್ ಮಾತ್ರ, ಪುಡಿಯಲ್ಲ.

ಇಂಥ ಅಂಗಡಿಗೆ 40 ಸೆಕೆಂಡಿನ, ಸದ್ದಿಲ್ಲದ ವಿಡಿಯೊ ಮಾಡೋಣ. ಯಾಕೆ 40? ಮೂರು ನಿಮಿಷ ಕಾಯುವವರು ಅದನ್ನು ನಾಲ್ಕೈದು ಸಲ ನೋಡುತ್ತಾರೆ, ಅಷ್ಟು ಪರವಾಗಿಲ್ಲ. ಆದರೆ ಹತ್ತು ಗಂಟೆ ಅಂಗಡಿ ತೆರೆದಿದ್ದರೆ ಗಲ್ಲಾದಲ್ಲಿ ಕೂತವರ ಎದುರು ಅದು 900 ಸಲ ಓಡುತ್ತದೆ. ಹತ್ತು ಸೆಕೆಂಡಿನದಾದರೆ 3,600 ಸಲ. ಅವರೇ ಬೇಸತ್ತು ಟಿವಿ ಆರಿಸಿಬಿಡುತ್ತಾರೆ.

ಮೊದಲು ತೆಗೆದುಹಾಕಬೇಕಾದ್ದು

‘ಸ್ವಾಗತ’ ಅಂತ ಶುರು ಮಾಡಿ ‘ಧನ್ಯವಾದ’ ಅಂತ ಮುಗಿಸುವ ಅಭ್ಯಾಸ ಬಿಡಬೇಕು. ಅಂಗಡಿಗೆ ಬರುವವರು ವಿಡಿಯೊ ಶುರುವಾಗುವ ಹೊತ್ತಿಗೇ ಬರುವುದಿಲ್ಲ. ಧನ್ಯವಾದ ಹೇಳಿದ ಮರುಕ್ಷಣ ಸ್ವಾಗತ ಕೋರಿದರೆ ಜೋಡಣೆ ಎಲ್ಲಿದೆ ಅಂತ ನಾವೇ ಬೆರಳಿಟ್ಟು ತೋರಿಸಿದಂತೆ. ಯಾವ ಸೆಕೆಂಡಿನಲ್ಲಿ ತಲೆ ಎತ್ತಿ ನೋಡಿದರೂ ಅರ್ಥವಾಗುವ ದೃಶ್ಯಗಳು ಬೇಕು. ಅಂಗಡಿಯ ಹೆಸರು ಒಂದು ಮೂಲೆಯಲ್ಲಿ ಉದ್ದಕ್ಕೂ ಇರಲಿ. ಟಿವಿ ಒಎಲ್‌ಇಡಿ ಆಗಿದ್ದರೆ ಮಾತ್ರ ಬೇಡ. ಅದರಲ್ಲಿ ಅಲುಗಾಡದ ಅಕ್ಷರ ತಿಂಗಳುಗಟ್ಟಲೆ ನಿಂತರೆ ಕಲೆ ಉಳಿಯಬಹುದು.

ಶೂಟಿಂಗ್

ಅಕ್ಷರದ ಹಿಂದೆ ಬರುವ ಹುರಿದ ಬೀಜದ ತಟ್ಟೆ ಬಿಟ್ಟರೆ ಮೂರು ದೃಶ್ಯ ಸಾಕು: ಯಂತ್ರದಿಂದ ಪುಡಿ ಸುರಿಯುವುದು, ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುವುದು, ಲೋಟಕ್ಕೆ ಬಿಸಿ ಹಾಲು ಬೀಳುವುದು. ಮೂರರಲ್ಲೂ ಚಲನೆ ಮೇಲಿನಿಂದ ಕೆಳಕ್ಕೇ ಇದೆ, ಗಮನಿಸಿ. ಸದ್ದಿಲ್ಲದ ವಿಡಿಯೊದಲ್ಲಿ ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟಿಸಲು ಸಂಗೀತ ಇರುವುದಿಲ್ಲ, ಹಾಗಾಗಿ ಕಟ್ ಒರಟಾಗಿ ಕಾಣುತ್ತದೆ. ಚಲನೆಯ ದಿಕ್ಕು ಒಂದೇ ಆದರೆ ಅದು ಮೆತ್ತಗಾಗುತ್ತದೆ. (ಫಿಲ್ಟರಿನ ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ಹಿಡಿದರೆ ಮಾತ್ರ ಹನಿ ಕಾಣುತ್ತದೆ. ಇಲ್ಲದಿದ್ದರೆ ನೀವು ಶೂಟ್ ಮಾಡುವುದು ಬರೀ ಸ್ಟೀಲ್ ಡಬ್ಬಿಯನ್ನು.)

ಫೋನ್ ಟ್ರೈಪಾಡ್ ಮೇಲಿರಲಿ. ಫೋಕಸ್ ಮತ್ತು ಬೆಳಕಿನ ಮಟ್ಟ ಎರಡನ್ನೂ ಲಾಕ್ ಮಾಡಿ. ಎಷ್ಟೋ ಫೋನುಗಳಲ್ಲಿ ಪರದೆಯನ್ನು ಒತ್ತಿ ಹಿಡಿದರೆ ಸಾಕು. ಲಾಕ್ ಮಾಡದಿದ್ದರೆ ಪುಡಿಯ ರಾಶಿ ಬೆಳೆದು ಚೌಕಟ್ಟು ಕಪ್ಪಾದಂತೆ ಫೋನ್ ತಾನೇ ಬೆಳಕು ಏರಿಸುತ್ತದೆ. ಸೆಕೆಂಡಿಗೆ 25 ಫ್ರೇಮ್ ಇಟ್ಟು, ಶಟರ್ ವೇಗ 1/50ಕ್ಕೆ ನಿಲ್ಲಿಸಿ. ನಮ್ಮ ಕರೆಂಟು 50 ಹರ್ಟ್ಸಿನದು. ಈ ವೇಗದಲ್ಲಿ ಅಂಗಡಿ ದೀಪಗಳ ಮಿಣುಕಾಟ ಪಟ್ಟೆಪಟ್ಟೆಯಾಗಿ ಮೂಡುವುದು ತಪ್ಪುತ್ತದೆ.

ಜೋಡಣೆಯನ್ನು ಬೇರೆಡೆ ಇಡುವುದು

ಇಡೀ ಕೆಲಸದ ಗುಟ್ಟು ಇಲ್ಲಿದೆ. ಕೊನೆಯ ದೃಶ್ಯಕ್ಕೂ ಮೊದಲ ದೃಶ್ಯಕ್ಕೂ ಹೇಗಪ್ಪಾ ಹೊಂದಿಸುವುದು ಅಂತ ಒದ್ದಾಡಬೇಡಿ. ಫೈಲ್ ಮುಗಿಯುವ ಜಾಗವನ್ನೇ ಒಂದು ದೃಶ್ಯದ ನಟ್ಟನಡುವೆ ಇಡಿ.

ಪುಡಿ ಸುರಿಯುವ ದೃಶ್ಯದಲ್ಲಿ ಚೆನ್ನಾಗಿರುವ ಹತ್ತು ಸೆಕೆಂಡ್ ಆರಿಸಿ, ಸರಿಯಾಗಿ ನಡುವೆ ಕತ್ತರಿಸಿ. ಎರಡನೇ ಅರ್ಧವನ್ನು ಟೈಮ್‌ಲೈನಿನ ಶುರುವಿಗೆ ಹಾಕಿ, ಮೊದಲ ಅರ್ಧವನ್ನು ಕಟ್ಟಕಡೆಗೆ. ಈಗ ವಿಡಿಯೊ ಹೀಗೆ ಓಡುತ್ತದೆ: ಐದು ಸೆಕೆಂಡ್ ಪುಡಿ, ಎಂಟು ಸೆಕೆಂಡ್ ಡಿಕಾಕ್ಷನ್, ಎಂಟು ಸೆಕೆಂಡ್ ಹಾಲು, ಹುರಿದ ಬೀಜದ ತಟ್ಟೆಯ ಮೇಲೆ ಹದಿನಾಲ್ಕು ಸೆಕೆಂಡ್ ಅಕ್ಷರ, ಮತ್ತೆ ಐದು ಸೆಕೆಂಡ್ ಪುಡಿ. ಫೈಲಿನ ಕೊನೆಯ ಫ್ರೇಮ್ ಮತ್ತು ಮೊದಲ ಫ್ರೇಮ್ ಶೂಟ್ ಮಾಡುವಾಗಲೇ ಅಕ್ಕಪಕ್ಕ ಇದ್ದವು. ಹಾಗಾಗಿ ಅಲ್ಲಿ ಯಾವ ಎಫೆಕ್ಟೂ ಬೇಡ, ಪುಡಿ ಬೀಳುತ್ತಲೇ ಇರುತ್ತದೆ.

ಎರಡು ಎಚ್ಚರ ಬೇಕು. ಆ ಎರಡು ಅರ್ಧಗಳಿಗೂ ಬಣ್ಣದ ತಿದ್ದುಪಡಿ ಒಂದೇ ಇರಬೇಕು. ಜೋಡಣೆಯ ಆಚೀಚೆ ಅಕ್ಷರ ಬರುವುದು, ಹೋಗುವುದು ಇರಬಾರದು.

ಒಂದೇ ದೃಶ್ಯದ ವಿಡಿಯೊ ಆದರೂ ಇದೇ ಉಪಾಯ ನಡೆಯುತ್ತದೆ. ಆಗ ಅದಲುಬದಲಾದ ಅರ್ಧಗಳು ಸೇರುವುದು ನಡುವಿನಲ್ಲಿ. ಅಲ್ಲಿ ಒಂದು ಸೆಕೆಂಡ್ ಒಂದರ ಮೇಲೊಂದು ಹೊದಿಸಿ ಡಿಸಾಲ್ವ್ ಕೊಡಿ. ಪುಡಿ, ಹೊಗೆ, ಹಾಲಿನ ಧಾರೆಗೆ ಇದು ಒಗ್ಗುತ್ತದೆ. ಕೈ ಕಾಣುವ ದೃಶ್ಯಕ್ಕೆ ಒಗ್ಗುವುದಿಲ್ಲ, ಎರಡು ಕೈ ನಾಲ್ಕಾಗಿ ದೆವ್ವದ ಹಾಗೆ ತೇಲುತ್ತವೆ. ವಿಡಿಯೊವನ್ನು ಹಿಂದುಮುಂದಾಗಿ ಓಡಿಸಿ ಸುತ್ತು ಮುಗಿಸುವುದು ಇನ್ನೂ ಸುಲಭ ಅನ್ನಿಸಬಹುದು. ಆದರೆ ಆಗ ಪುಡಿ ನೆಲದಿಂದೆದ್ದು ಯಂತ್ರದೊಳಗೆ ಹೋಗುತ್ತದೆ, ಅಲ್ವಾ?

ಅಕ್ಷರ

ಹದಿನಾಲ್ಕು ಸೆಕೆಂಡಿಗೆ ಎರಡೇ ಸಾಲು, ಒಂದೊಂದಕ್ಕೆ ಏಳು ಸೆಕೆಂಡ್. ‘ಕಾಫಿ 80, ಚಿಕೋರಿ 20’ ಒಂದು. ‘ನಿಮ್ಮೆದುರೇ ಪುಡಿ ಮಾಡಿ ಕೊಡುತ್ತೇವೆ’ ಇನ್ನೊಂದು. ನಿಧಾನವಾಗಿ ಎರಡು ಸಲ ಗಟ್ಟಿಯಾಗಿ ಓದಿ. ಅಷ್ಟರೊಳಗೆ ಸಾಲು ಮಾಯವಾದರೆ ಹೊತ್ತು ಸಾಲದು ಅಂತ ಅರ್ಥ. ದರ ಮಾತ್ರ ವಿಡಿಯೊದಲ್ಲಿ ಬೇಡ. ಬೀಜದ ಬೆಲೆ ಏರಿಳಿದಾಗಲೆಲ್ಲ ಯಾರು ಮತ್ತೆ ಎಡಿಟ್ ಮಾಡುತ್ತಾರೆ? ಅದಕ್ಕೆ ಬೋರ್ಡೇ ವಾಸಿ.

ಫೈಲ್ ಮಾಡುವಾಗ

ಫುಲ್ ಎಚ್‌ಡಿ, ಎಚ್.264, ಎಂಪಿ4. ಬಿಟ್‌ರೇಟ್ ಸೆಕೆಂಡಿಗೆ 10 ಮೆಗಾಬಿಟ್ ಇಡಿ. ಇದನ್ನು ತೀರಾ ಇಳಿಸಿದರೆ ವಿಚಿತ್ರ ತೊಂದರೆಯೊಂದು ಬರುತ್ತದೆ. ಫೈಲಿನ ಮೊದಲ ಫ್ರೇಮ್ ಪೂರ್ತಿ ಚಿತ್ರವಾಗಿ ಉಳಿದಿರುತ್ತದೆ, ಆಮೇಲಿನ ಹೆಚ್ಚಿನವು ಬದಲಾವಣೆಗಳ ಲೆಕ್ಕ ಮಾತ್ರ. ಹಾಗಾಗಿ ಕೊನೆಯ ಫ್ರೇಮ್ ಮಸುಕು, ಮೊದಲ ಫ್ರೇಮ್ ಚೂಪು ಆಗಬಹುದು. ಚಲನೆ ಸರಿಯಿದ್ದರೂ ಚಿತ್ರ ‘ಟಕ್’ ಅಂತ ಬದಲಾದಂತೆ ಕಂಡರೆ ಕಾರಣ ಬಹುಪಾಲು ಇದೇ.

ಸದ್ದಿಲ್ಲದ ವಿಡಿಯೊ ಅಂದರೆ ವಾಲ್ಯೂಮ್ ಇಳಿಸುವುದಲ್ಲ, ಆಡಿಯೊ ಟ್ರ್ಯಾಕನ್ನೇ ಕಿತ್ತುಹಾಕುವುದು. ಖಾಲಿ ಟ್ರ್ಯಾಕ್ ಉಳಿದರೆ ಅದರ ಉದ್ದ ಚಿತ್ರದ ಉದ್ದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇರಬಹುದು. ಆ ಚೂರು ಹೊತ್ತು ಚಿತ್ರ ಸ್ತಬ್ಧವಾಗಿ ನಿಲ್ಲುತ್ತದೆ.

ಟಿವಿಯ ತಕರಾರು

ಇಷ್ಟೆಲ್ಲ ಆದಮೇಲೂ ಪೆನ್‌ಡ್ರೈವ್ ಚುಚ್ಚಿದಾಗ ಪ್ರತಿ ಸುತ್ತಿಗೂ ಪರದೆ ಒಮ್ಮೆ ಕಪ್ಪಾಗಬಹುದು. ಕೆಲವು ಟಿವಿಗಳು ಫೈಲಿನ ಹೆಸರನ್ನೂ ತೋರಿಸುತ್ತವೆ. ಇದು ವಿಡಿಯೊದ ತಪ್ಪಲ್ಲ. ಟಿವಿ ಫೈಲನ್ನು ಮುಚ್ಚಿ, ಮತ್ತೆ ತೆರೆಯುತ್ತಿದೆ. ಅದನ್ನು ತಡೆಯಲಾಗದು, ಆದರೆ ಅಪರೂಪವಾಗಿಸಬಹುದು. 40 ಸೆಕೆಂಡಿನದನ್ನು 45 ಸಲ ಪೋಣಿಸಿ ಅರ್ಧ ಗಂಟೆಯ ಒಂದೇ ಫೈಲ್ ಮಾಡಿ. ಎಡಿಟಿಂಗ್ ಆ್ಯಪಿನಲ್ಲೇ ಕಾಪಿ ಮಾಡುತ್ತಾ ಹೋಗಬಹುದು. ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಇದ್ದರೆ ಒಂದೇ ಸಾಲು:

```
ffmpeg -stream_loop 44 -i kaapi.mp4 -c copy -an kaapi30.mp4
```

ಇಲ್ಲಿ 44 ಅಂದರೆ ಮೊದಲ ಸಲ ಬಿಟ್ಟು ಇನ್ನೂ 44 ಸಲ. `-an` ಆಡಿಯೊವನ್ನು ತೆಗೆಯುತ್ತದೆ. ಫೈಲ್ ಸುಮಾರು 2.25 ಜಿಬಿ ಆಗುತ್ತದೆ. ಒಂದು ಗಂಟೆಯದು ಮಾಡೋಣ ಅಂದರೆ 4.5 ಜಿಬಿ ದಾಟುತ್ತದೆ. ಎಫ್‌ಎಟಿ32 ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಒಪ್ಪುವುದಿಲ್ಲ.

ಅರ್ಧ ಗಂಟೆಗೊಮ್ಮೆ ಬರುವ ಆ ಕಪ್ಪೂ ಕಣ್ಣಿಗೆ ಚುಚ್ಚುತ್ತದೆ ಅನ್ನಿಸಿದರೆ, ಉದ್ದ ಫೈಲಿನ ಶುರುವಿನ ಒಂದು ಸೆಕೆಂಡನ್ನು ಕಪ್ಪಿನಿಂದ ಮೂಡುವಂತೆ, ಕೊನೆಯ ಸೆಕೆಂಡನ್ನು ಕಪ್ಪಿಗೆ ಇಳಿಯುವಂತೆ ಮಾಡಿ. ಟಿವಿಯ ಕಪ್ಪು ನಮ್ಮ ಕಪ್ಪಿನೊಳಗೇ ಅಡಗಿಹೋಗುತ್ತದೆ. ಅಂಗಡಿಯ ಟಿವಿಯಲ್ಲೇ ಇದನ್ನು ನೋಡಿ ಖಚಿತ ಮಾಡಿಕೊಳ್ಳಿ. ನಿಮ್ಮ ಫೋನಿನಲ್ಲಿ ನುಣುಪಾಗಿ ಓಡಿದ್ದು ಅಲ್ಲಿಯೂ ಹಾಗೇ ಓಡುತ್ತದೆ ಅನ್ನುವ ಖಾತರಿ ಇಲ್ಲ.