ಒಂದೇ ಕೋಣೆ, ಎರಡು ಹೊಲಿಗೆ ಮಷಿನ್: ಸಸ್ಪೆನ್ಸ್ ಕಿರುಚಿತ್ರದ ಸ್ಕ್ರಿಪ್ಟ್ ಬರೆಯುವುದು ಹೇಗೆ?

ನಮ್ಮ ಬಳ್ಳಾರಿಯ ಹುಡುಗರು ಓದಲು ಕೊಡುವ ಸ್ಕ್ರಿಪ್ಟ್‌ಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: 'ಹಿನ್ನೆಲೆಯಲ್ಲಿ ಭಯಾನಕ ಸಂಗೀತ'. ಆ ಸಾಲು ಕಂಡರೆ ನನಗೆ ಬೇಜಾರಾಗುತ್ತದೆ. ಹೆದರಿಸುವ ಕೆಲಸವನ್ನು ಸ್ಕ್ರಿಪ್ಟೇ ಮಾಡಬೇಕು. ಸಂಗೀತದ ಮೇಲೆ ಹಾಕಿ ಕೈತೊಳೆದುಕೊಂಡರೆ ಆಗುವುದಿಲ್ಲ.

ಮೊದಲು ಜಾಗ. ಕಥೆ ಬರೆದು ಜಾಗ ಹುಡುಕಬೇಡಿ. ಸಿಗುವ ಜಾಗದಲ್ಲಿ ರಾತ್ರಿ ಒಂದು ಗಂಟೆ ಕೂತು, ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಿ. ಇಲ್ಲಿ ಒಂದು ಜೀನ್ಸ್ ಹೊಲಿಯುವ ಯೂನಿಟ್ ಇಟ್ಟುಕೊಳ್ಳೋಣ. ಫ್ಯಾನ್, ಮಷಿನ್ ಮೋಟಾರಿನ ಗುಂಯ್ ಸದ್ದು, ಎಳೆದ ಶಟರ್, ಒಳಕೋಣೆಗೊಂದು ಪರದೆ.

ಕಥೆ ಒಂದೇ ಸಾಲು. ಬಸವರಾಜ ರಾತ್ರಿ ಒಬ್ಬನೇ ಆರ್ಡರ್ ಮುಗಿಸುತ್ತಿದ್ದಾನೆ. ಅವನು ಮಷಿನ್ ನಿಲ್ಲಿಸಿದರೂ ಒಳಕೋಣೆಯಲ್ಲಿ ಇನ್ನೊಂದು ಮಷಿನ್ ಒಂದು ಕ್ಷಣ ತಡವಾಗಿ ನಿಲ್ಲುತ್ತದೆ. ಐದು ಪುಟ ಸಾಕು. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ.

ಸದ್ದನ್ನು ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ. ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಗಡೆ ಕಾಣುವುದು, ಬಲಗಡೆ ಕೇಳುವುದು. 'ವಿಚಿತ್ರ ಶಬ್ದ' ಅಂತ ಬರೆದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಯಾವ ವಸ್ತು, ಎಷ್ಟು ದೂರ, ಎಷ್ಟು ಹೊತ್ತು ಅಂತ ಬರೆಯಿರಿ. ಹೀಗೆ:

*ಕಾಣುವುದು: ಬಸವರಾಜ ಪೆಡಲಿನಿಂದ ಕಾಲು ತೆಗೆದು ದಾರ ಕತ್ತರಿಸುತ್ತಾನೆ.*
*ಕೇಳುವುದು: ಅವನ ಮಷಿನ್ ನಿಲ್ಲುತ್ತದೆ. ಪರದೆಯ ಆಚೆ ಟಕ್, ಟಕ್. ಆಮೇಲೆ ಫ್ಯಾನ್, ಮೋಟಾರಿನ ಗುಂಯ್ ಮಾತ್ರ, 4 ಸೆಕೆಂಡ್.*

ಇದು ಮೂರು ಸಲ ಬರಲಿ. ಮೊದಲ ಸಲ ಒಂದೇ ಟಕ್; ನೋಡುವವರು ಗಮನಿಸದಿದ್ದರೂ ಚಿಂತೆಯಿಲ್ಲ. ಎರಡನೇ ಸಲ ಎರಡು. ನೋಡುವವರಿಗೆ ಕೇಳಿಸುತ್ತದೆ, ಬಸವರಾಜನಿಗೆ ಕೇಳಿಸುವುದಿಲ್ಲ. ಇಡೀ ಚಿತ್ರದ ಜೀವ ಈ ಜಾಗದಲ್ಲಿದೆ, ಇದನ್ನು ಅವಸರದಲ್ಲಿ ದಾಟಬೇಡಿ. ಅವನು ಆರಾಮಾಗಿ ನೀರು ಕುಡಿಯಲಿ, ಮತ್ತೊಂದು ಪ್ಯಾಂಟ್ ಎತ್ತಿಕೊಳ್ಳಲಿ. ಮೂರನೇ ಸಲ ಐದು. ಅವನು ತಲೆ ಎತ್ತುತ್ತಾನೆ: "ಯಾರದಾರ ಒಳಗ?"

ಆಗ ಕರೆಂಟ್ ಹೋಗಲಿ. ಫ್ಯಾನ್ ನಿಧಾನವಾಗಿ ನಿಲ್ಲುತ್ತದೆ, ಮೋಟಾರಿನ ಗುಂಯ್ ಸದ್ದೂ ಅಡಗುತ್ತದೆ. ಐದು ಸೆಕೆಂಡ್ ಮೌನ. ಒಳಗೆ ಮಾತ್ರ ಮತ್ತೆ ಟಕ್ ಟಕ್ ಶುರು. ಕರೆಂಟ್ ಇಲ್ಲದೆ ನಡೆಯುವುದು ಕಾಲಲ್ಲಿ ತುಳಿಯುವ ಮಷಿನ್. ಅಂದರೆ ಒಳಗೆ ಯಾರದೋ ಕಾಲಿದೆ. ಈ ಮಾತನ್ನು ಯಾರ ಬಾಯಲ್ಲೂ ಹೇಳಿಸಬೇಡಿ.

ಬರೆದಾದ ಮೇಲೆ ಗೆಳೆಯನನ್ನು ಕಣ್ಣುಮುಚ್ಚಿ ಕೂರಿಸಿ. ನೀವು ಓದಿ, ಇನ್ನೊಬ್ಬರು ಪೆನ್ನಿನಿಂದ ಮೇಜು ಕುಟ್ಟಲಿ. ಎರಡನೇ ಸಲಕ್ಕೆ ಗೆಳೆಯನ ಮುಖ ಬದಲಾಗದಿದ್ದರೆ, ಅದರ ಮುಂಚಿನ ಮೌನ ಸಾಲದು ಅಂತ ಅರ್ಥ.

ಫ್ರೇಮ್. ಕ್ಯಾಮೆರಾ ಪರದೆ ದಾಟಿ ಒಳಗೆ ಹೋಗಬಾರದು. ಮೊದಲ ಶಾಟ್‌ನಲ್ಲಿ ಇಡೀ ಕೋಣೆ ಕಾಣಲಿ, ಪರದೆ ಬಲ ಅಂಚಿನಲ್ಲಿ ಸಣ್ಣದಾಗಿರಲಿ. ಕೊನೆಗೆ ಬಸವರಾಜನ ಮುಖ ಎಡ ಅಂಚಿಗೆ ಸರಿದು, ಉಳಿದದ್ದೆಲ್ಲ ಅವನ ಹಿಂದಿನ ಪರದೆಯೇ ತುಂಬಿರಲಿ. ನೋಡುವವರ ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತದೆ. ಟ್ರೈಪಾಡ್ ಬೇಕೇ ಬೇಕು, ಇಲ್ಲದಿದ್ದರೆ ಬಟ್ಟೆಯ ಕಟ್ಟಿನ ಮೇಲೆ ಫೋನ್ ಇಡಿ. ಕ್ಯಾಮೆರಾ ಅಲುಗಾಡಿದರೆ ಪರದೆ ಅಲುಗಾಡಿದ್ದು ಗೊತ್ತಾಗುವುದಿಲ್ಲ.

ರೆಕಾರ್ಡಿಂಗ್. ಸೆಕೆ ಅಂತ ಫ್ಯಾನ್ ಹಾಕಿ ಶೂಟ್ ಮಾಡುತ್ತಾರೆ. ಎಡಿಟ್ ಮಾಡುವಾಗ ಪ್ರತಿ ಕಟ್‌ಗೂ ಫ್ಯಾನ್ ಸದ್ದು ಜಿಗಿಯುತ್ತದೆ. ಫ್ಯಾನ್ ಆರಿಸಿ ಶೂಟ್ ಮಾಡಿ; ಅದರ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ, ಕರೆಂಟ್ ಹೋಗುವವರೆಗೂ ಒಂದೇ ಎಳೆಯಾಗಿ ಹಾಕಿ. ಫ್ಯಾನ್ ತಿರುಗುವುದು ಕಾಣುವ ಶಾಟ್ ಇದ್ದರೆ ಅದರದೇ ಸದ್ದನ್ನು ತೆಗೆದುಬಿಡಿ. ಅಗ್ಗದ ಕಾಲರ್ ಮೈಕ್ ನಂಬಿ ನಾನು ಒಂದು ರಾತ್ರಿಯ ಕೆಲಸ ಕಳೆದುಕೊಂಡೆ, ಎಲ್ಲ ಮಾತಿನ ಹಿಂದೆಯೂ 'ಸ್ಸ್' ಅಂತಿತ್ತು. ಅದಕ್ಕಿಂತ ಇನ್ನೊಂದು ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಹತ್ತಿರ ಬಚ್ಚಿಡುವುದೇ ವಾಸಿ.

ಒಳಗಿನ ಮಷಿನ್ ಸದ್ದನ್ನು ಹತ್ತಿರದಿಂದ ಹಿಡಿದು ವಾಲ್ಯೂಮ್ ಇಳಿಸುವ ಶಾರ್ಟ್‌ಕಟ್ ಬೇಡ. ಹಾಗೆ ಮಾಡಿದರೆ ಸದ್ದು ಸಣ್ಣದಾಗುತ್ತದೆ, ದೂರ ಹೋಗುವುದಿಲ್ಲ. ಮಷಿನ್ ಒಳಗೆ ತುಳಿಸಿ, ಫೋನನ್ನು ಬಸವರಾಜನ ಕುರ್ಚಿಯ ಹತ್ತಿರ ಇಡಿ. ಗೋಡೆ, ಪರದೆ ಎರಡೂ ಆ ಸದ್ದಿನೊಳಗೆ ಬರುತ್ತವೆ.

ಕೊನೆಗೆ ಎಲ್ಲರೂ ಅಲ್ಲಾಡದೆ ನಿಂತು ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ಹಿಡಿಯಿರಿ. ಮೌನ ಇರುವಲ್ಲೆಲ್ಲ ಇದನ್ನು ಹಾಕಬೇಕು. ಪೂರ್ತಿ ಸೊನ್ನೆ ಸದ್ದು ಬಿಟ್ಟರೆ ಜನ ತಮ್ಮ ಫೋನೇ ಕೆಟ್ಟಿತು ಅಂದುಕೊಂಡು ವಾಲ್ಯೂಮ್ ಒತ್ತುತ್ತಾರೆ, ಅಷ್ಟರಲ್ಲಿ ಕರೆಂಟ್ ಹೋದ ಮೇಲಿನ ಮೊದಲ ಟಕ್ ದಾಟಿ ಹೋಗಿರುತ್ತದೆ.