ರೊಟ್ಟಿ ನಂಬರ್ ಬೇರೆ, ಮನೆ ನಂಬರ್ ಬೇರೆ

ರಾತ್ರಿ ಹನ್ನೊಂದೂವರೆಗೆ ಫೋನ್ ಬಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಎದೆ ಧಸಕ್ ಅನ್ನುತ್ತದೆ. ಜೇವರ್ಗಿ ಕಡೆ ಹಳ್ಳಿಯಲ್ಲಿ ವಯಸ್ಸಾದ ಅಪ್ಪ ಇದ್ದಾರೆ. ಆವತ್ತು ಎತ್ತಿದರೆ, "ಅಕ್ಕೋರೆ, ಖಡಕ್ ರೊಟ್ಟಿ ನೂರು ಬೇಕಾಗಿತ್ತರಿ, ನಾಳಿಗಿ ಸಿಗ್ತಾವೇನ್ರಿ?" ಅಂತ ಯಾರೋ ಕೇಳಿದರು. ಪಾಪ, ಅವರ ತಪ್ಪೇನಿಲ್ಲ. ಪಾಕೀಟಿನ ಮೇಲೆ ನನ್ನ ಸ್ವಂತ ನಂಬರನ್ನೇ ಅಚ್ಚು ಹಾಕಿಸಿದ್ದೆ.

ನಾನು ಕಲಬುರಗಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತೇನೆ. ಅರ್ಧ ಗಿರಾಕಿಗಳು ಊರಿನವರು, ಇನ್ನರ್ಧ ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯ ಮಂದಿ. ಪಾಕೀಟಿನ ಮೇಲೆ ನಂಬರ್ ಹಾಕದೆ ಇರಲಿಕ್ಕೂ ಆಗುವುದಿಲ್ಲ. ಪ್ಯಾಕ್ ಮಾಡಿ ಮಾರುವ ಮಾಲಿನ ಮೇಲೆ ಗಿರಾಕಿ ದೂರು ಹೇಳಲು ಹೆಸರು, ವಿಳಾಸ, ಫೋನ್ ಇರಬೇಕು ಅಂತ ನಿಯಮವೇ ಇದೆ. ಹಾಗಾಗಿ ಎರಡನೇ ನಂಬರ್ ಬೇಕಾಯಿತು.

ಮೊದಲು ಮಾಡಿದ್ದು ಸುಲಭದ ದಾರಿ. ಎರಡನೇ ನಂಬರ್ ಕೊಡುವ ಒಂದು ಆ್ಯಪ್ ಇಳಿಸಿಕೊಂಡೆ. ತಿಂಗಳಿಗೆ ಐದುನೂರರ ಹತ್ತಿರ ಬಾಡಿಗೆ. ಐದು ನಿಮಿಷದಲ್ಲಿ ನಂಬರ್ ಬಂತು, ಆದರೆ ಅದು +1ರಿಂದ ಶುರುವಾಗುವ ಅಮೆರಿಕದ ನಂಬರ್. ಇರಲಿ ಬಿಡು, ವಾಟ್ಸಾಪ್‌ಗೆ ಯಾವುದಾದರೇನು ಅಂದುಕೊಂಡೆ. ಒಟಿಪಿ ಎಸ್‌ಎಂಎಸ್‌ನಲ್ಲಿ ಬರಲೇ ಇಲ್ಲ. ಫೋನ್ ಕರೆಯಲ್ಲಿ ಹೇಳಿಸಿಕೊಂಡು ಹೇಗೋ ಬಿಸಿನೆಸ್ ವಾಟ್ಸಾಪ್ ಶುರು ಮಾಡಿದೆ.

ಮೊದಲ ವಾರದಲ್ಲೇ ಗಿರಾಕಿಗಳು ಕಮ್ಮಿಯಾದರು. ಯಾಕೆ ಅಂತ ಪಕ್ಕದ ಓಣಿಯ ಅಜ್ಜಿಯೊಬ್ಬರು ಹೇಳಿದರು: "ಏನವ್ವ ನಿನ್ ನಂಬರ್? ಹಚ್ಚಿದ್ರ ಬ್ಯಾಲೆನ್ಸ್ ಇಲ್ಲ ಅಂತದ." ನಮ್ಮ ಮಾಮೂಲಿ ರೀಚಾರ್ಜ್‌ನಲ್ಲಿ ಪರದೇಶದ ಕರೆ ಹೋಗುವುದಿಲ್ಲ, ಅದಕ್ಕೆ ಬೇರೆ ದುಡ್ಡು ಬೇಕು. ನನ್ನ ಮನೆ ಅವರ ಮನೆಯಿಂದ ನೂರು ಹೆಜ್ಜೆ, ನನಗೆ ಫೋನ್ ಹಚ್ಚಬೇಕಾದರೆ ಅಮೆರಿಕ ದಾಟಿ ಬರಬೇಕು! ಮಿಸ್ಡ್ ಕಾಲ್ ಕೊಟ್ಟು ರೊಟ್ಟಿ ತರಿಸುವವರೇ ನಮ್ಮಲ್ಲಿ ಜಾಸ್ತಿ, ಅದೂ ನಿಂತುಹೋಯಿತು. ಬೆಂಗಳೂರಿನವರ ಸಮಸ್ಯೆ ಬೇರೆ. ಪರದೇಶದ ನಂಬರಿನಿಂದ ವಾಟ್ಸಾಪ್ ಮೆಸೇಜ್ ಬಂದರೆ ಮೋಸ ಅಂತ ಬ್ಲಾಕ್ ಮಾಡುವುದು ಈಗ ಎಲ್ಲರಿಗೂ ರೂಢಿ. ನಾನೂ ಹಾಗೇ ಮಾಡುತ್ತೇನೆ.

ಅದಕ್ಕಿಂತ ದೊಡ್ಡ ಪೆಟ್ಟು ಐದನೇ ತಿಂಗಳಲ್ಲಿ ಬಿತ್ತು. ಮನೆಯಲ್ಲಿ ಮದುವೆ ಇತ್ತು, ಬಾಡಿಗೆ ಕಟ್ಟುವುದು ಮರೆತೆ. ಕೆಲವು ದಿನ ಏನೂ ಆಗಲಿಲ್ಲ, ವಾಟ್ಸಾಪ್ ಹಾಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ, ಈ ನಂಬರ್ ಈಗ ಈ ಫೋನಿನಲ್ಲಿ ಇಲ್ಲ ಅಂತ ಪರದೆ ಮೇಲೆ ಬಂತು. ಆ ನಂಬರನ್ನು ಆ್ಯಪ್‌ನವರು ಮತ್ತೊಬ್ಬರಿಗೆ ಕೊಟ್ಟಿದ್ದರು, ಅವರು ಒಟಿಪಿ ತೆಗೆದುಕೊಂಡು ವಾಟ್ಸಾಪ್ ಹಾಕಿಕೊಂಡಿದ್ದರು. ನಾನು ಆರಂಕಿಯ ಪಿನ್ ಇಟ್ಟಿದ್ದೆ ನಿಜ. ಆದರೆ ಪಿನ್ ಗೊತ್ತಿಲ್ಲದಿದ್ದರೂ ಏಳು ದಿನ ಕಾದರೆ ಒಳಗೆ ಹೋಗಬಹುದು. ಒಟಿಪಿ ಯಾರಿಗೆ ಬರುತ್ತದೋ ಕೊನೆಗೆ ನಂಬರ್ ಅವರದೇ. ನನ್ನ ಹಳೇ ಗಿರಾಕಿಗಳು ರೊಟ್ಟಿ ಕೇಳಿ ಇವತ್ತಿಗೂ ಯಾರಿಗೋ ಮೆಸೇಜ್ ಹಾಕುತ್ತಿರಬಹುದು.

ಆ್ಯಪ್‌ನವರಿಗೆ ಬರೆದೆ. ಬಾಡಿಗೆ ಮುಗಿದಿದೆ ಅಂತ ಒಂದು ಸಾಲು ಬಂತು. ನಿಯಮದ ಪ್ರಕಾರ ಅವರದು ಸರಿಯೇ ಇರಬೇಕು.

ಮಧ್ಯದಲ್ಲಿ ಕಂಪನಿಗಳಿಗೆ ಕೊಡುವ ನಮ್ಮ ದೇಶದ ವರ್ಚುವಲ್ ನಂಬರನ್ನೂ ವಿಚಾರಿಸಿದೆ. ಇದು ಬೇರೆಯೇ ವ್ಯವಸ್ಥೆ. ವ್ಯಾಪಾರದ ದಾಖಲೆ ಕೇಳುತ್ತಾರೆ. ಗಿರಾಕಿ ಆ ನಂಬರಿಗೆ ಹಚ್ಚಿದರೆ, "ರೊಟ್ಟಿಗೆ ಒಂದು ಒತ್ತಿ, ಹಿಂಡಿಗೆ ಎರಡು ಒತ್ತಿ" ಅಂತ ಧ್ವನಿ ಕೇಳಿಸಿ, ಆಮೇಲೆ ಕರೆ ನಮ್ಮ ಮಾಮೂಲಿ ಮೊಬೈಲಿಗೇ ಬರುತ್ತದೆ. ಅಂದರೆ ಒಳಗೆ ಒಂದು ನಿಜವಾದ ಸಿಮ್ ಇರಲೇಬೇಕು. ನಾಲ್ಕು ಮಂದಿ ಕೂತು ಆರ್ಡರ್ ತೆಗೆದುಕೊಳ್ಳುವ ಕಡೆ ಇದು ಚೆನ್ನ. ಅದಕ್ಕೆ ವಾಟ್ಸಾಪ್ ಹಾಕಿಕೊಳ್ಳುವುದಾದರೆ ಆ ಸ್ವಾಗತದ ಧ್ವನಿಯನ್ನು ಮೊದಲು ಆಫ್ ಮಾಡಿಸಬೇಕು. ಇಲ್ಲವಾದರೆ ವಾಟ್ಸಾಪ್‌ನ ಯಂತ್ರ ಒಟಿಪಿ ಹೇಳುತ್ತದೆ, ಇವರ ಯಂತ್ರ ಒಂದು ಒತ್ತಿ ಅನ್ನುತ್ತದೆ, ಕೇಳುವ ಮನುಷ್ಯನೇ ಇರುವುದಿಲ್ಲ. ನನ್ನ ವ್ಯಾಪಾರಕ್ಕೆ ಇದು ಅತಿಯಾಯಿತು ಅಂತ ಬಿಟ್ಟೆ.

ಕೊನೆಗೆ ಸೂಪರ್ ಮಾರ್ಕೆಟ್ ಕಡೆ ಹೋಗಿ ಎರಡನೇ ಸಿಮ್ ತೆಗೆದುಕೊಂಡೆ. ಒಂದು ಅಂಗಡಿಯವ, "ಚಾಲೂ ಇದ್ದಿದ್ದೇ ಅದಾರಿ ಅಕ್ಕ, ಆಧಾರ್ ಏನ್ ಬ್ಯಾಡ" ಅಂದ. ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಬೇರೆಯವರ ಹೆಸರಿನ ಸಿಮ್ ಕಳೆದರೆ ಡೂಪ್ಲಿಕೇಟ್ ಸಿಗುವುದು ಆ ಹೆಸರಿನವರಿಗೆ. ಅದೂ ಬಾಡಿಗೆ ನಂಬರ್ ಇದ್ದ ಹಾಗೇ ಅಲ್ವಾ? ಬೇರೆ ಅಂಗಡಿಗೆ ಹೋಗಿ, ಆಧಾರ್ ಕೊಟ್ಟು, ಫೋಟೊ ತೆಗೆಸಿಕೊಂಡು ನನ್ನ ಹೆಸರಲ್ಲೇ ತೆಗೆದುಕೊಂಡೆ. ಫೋನಿನ ಎರಡನೇ ಜಾಗದಲ್ಲಿ ಹಾಕಿ, ಅದಕ್ಕೆ ಬಿಸಿನೆಸ್ ವಾಟ್ಸಾಪ್ ಮಾಡಿದೆ. ಮಾಮೂಲಿ ವಾಟ್ಸಾಪ್ ಹಳೇ ನಂಬರಿನಲ್ಲೇ ಉಳಿಯಿತು. ರಾತ್ರಿ ಒಂಬತ್ತಕ್ಕೆ ಎರಡನೇ ಸಿಮ್ ಆಫ್, ಬೆಳಿಗ್ಗೆ ಏಳಕ್ಕೆ ಆನ್. ಇಷ್ಟು ಸರಳ ಇತ್ತು.

ಸರಳ ಅಂದುಕೊಂಡು ಮರುದಿನವೇ ಐದುನೂರು ಸ್ಟಿಕರ್ ಅಚ್ಚು ಹಾಕಿಸಿದ್ದು ನನ್ನ ತಪ್ಪು.

ಹೊಸ ಸಿಮ್ ಅಂದರೆ ಹೊಸ ನಂಬರ್ ಅಂತಲ್ಲ. ಯಾರೋ ಬಿಟ್ಟ ನಂಬರನ್ನು ಕನಿಷ್ಠ 90 ದಿನ ಸುಮ್ನೆ ಇಟ್ಟು, ಆಮೇಲೆ ಮತ್ತೊಬ್ಬರಿಗೆ ಕೊಡುತ್ತಾರೆ. ನನಗೆ ಬಂದದ್ದೂ ಅಂಥದ್ದೇ. ಮೂರನೇ ದಿನದಿಂದ ಸಾಲ ವಸೂಲಿಯವರು ಹಚ್ಚತೊಡಗಿದರು. ಯಾರೋ ಗಂಡಸಿನ ಹೆಸರು ಹೇಳಿ, "ಅವರೆಲ್ಲಿ, ನೀವು ಅವರಿಗೆ ಏನಾಗಬೇಕು?" ಅಂತ ಕೇಳುತ್ತಿದ್ದರು. ನಾನು ಹಚ್ಚಿದರೆ ಗಿರಾಕಿಗಳ ಫೋನಿನಲ್ಲೂ ಅದೇ ಹೆಸರು ಮೂಡುತ್ತಿತ್ತು. ಇದನ್ನು ಹೇಗೋ ಸಹಿಸಿದೆ.

ಸಹಿಸಲಾಗದ್ದು ದುಡ್ಡಿನ ವಿಷಯ. ಬೆಂಗಳೂರಿನ ಒಬ್ಬ ಗಿರಾಕಿ ಐವತ್ತು ರೊಟ್ಟಿ, ಒಂದು ಕಿಲೊ ಹಿಂಡಿ ಹೇಳಿದರು. ಪಾಕೀಟಿನ ಮೇಲಿದ್ದ ನಂಬರನ್ನೇ ಯುಪಿಐ ಆ್ಯಪ್‌ನಲ್ಲಿ ಹೊಡೆದು ದುಡ್ಡು ಹಾಕಿದರು. ಅವರ ಫೋನಿನಲ್ಲಿ ಹಣ ಹೋಗಿದೆ ಅಂತ ತೋರಿಸುತ್ತಿದೆ, ನನಗೆ ಬಂದಿಲ್ಲ. ಸ್ಕ್ರೀನ್‌ಶಾಟ್ ತರಿಸಿ ನೋಡಿದರೆ ಅದೇ ಗಂಡಸಿನ ಹೆಸರು. ನನ್ನ ಯುಪಿಐ ಹಳೇ ನಂಬರಿನಲ್ಲಿತ್ತು. ಹೊಸ ನಂಬರನ್ನು ನಾನು ಯಾವ ಬ್ಯಾಂಕಿಗೂ ಕೊಟ್ಟಿರಲಿಲ್ಲ, ಹಳೇ ಮಾಲೀಕನ ಜೋಡಣೆ ಹಾಗೇ ಉಳಿದಿತ್ತು. ದೂರು ಕೊಡಬೇಕಾದವರೂ ನಾನಲ್ಲ, ಹಣ ಕಳಿಸಿದವರು. ಅವರು ಆ್ಯಪ್‌ನಲ್ಲಿ ದೂರು ಹಾಕಿದರು, ಬ್ಯಾಂಕಿಗೂ ಹೋದರು. ಹಣ ಪಡೆದವರು ಒಪ್ಪದೆ ವಾಪಸ್ ತೆಗೆಯಲಾಗುವುದಿಲ್ಲ ಅಂತ ಉತ್ತರ ಬಂತು. ಅವರು ಒಪ್ಪಲಿಲ್ಲ. ನಾನು ಪಾರ್ಸೆಲ್ ಕಳಿಸಿದೆ, ನಷ್ಟ ನನ್ನ ತಲೆಗೆ.

ಇದು 2024ರ ಮಾತು. 2025ರಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, ಕೈ ಬದಲಾದ ನಂಬರುಗಳ ಪಟ್ಟಿ ನೋಡಿ ವಾರಕ್ಕೊಮ್ಮೆಯಾದರೂ ತಮ್ಮ ದಾಖಲೆ ಸರಿಪಡಿಸಬೇಕು ಅಂತ ಬ್ಯಾಂಕು ಮತ್ತು ಯುಪಿಐ ಆ್ಯಪ್‌ಗಳಿಗೆ ಹೇಳಿತು. ಆದರೂ ನಾನು ಈಗ ಯಾರಿಗೆ ಸಿಮ್ ಕೊಡಿಸಿದರೂ ಅಚ್ಚು ಹಾಕಿಸುವ ಮೊದಲು ಹದಿನೈದು ದಿನ ಕಾಯಿರಿ ಅನ್ನುತ್ತೇನೆ. ವಾಟ್ಸಾಪ್ ಹಾಕುವ ಮೊದಲೇ ಇನ್ನೊಂದು ಫೋನಿನಲ್ಲಿ ಆ ನಂಬರ್ ಸೇವ್ ಮಾಡಿ ನೋಡಬೇಕು. ಬೇರೆಯವರ ಫೋಟೊ ಕಂಡರೆ ನಂಬರ್ ಹಳೇದು. ಆಮೇಲೆ ಎರಡು ಮೂರು ಯುಪಿಐ ಆ್ಯಪ್‌ಗಳಲ್ಲಿ ನಂಬರ್ ಹೊಡೆದು ಯಾರ ಹೆಸರು ಬರುತ್ತದೆ ನೋಡಬೇಕು, ದುಡ್ಡು ಹಾಕಬೇಕಿಲ್ಲ. ವಸೂಲಿ ಕರೆ, ಯಾರದೋ ಬ್ಯಾಂಕಿನ ಮೆಸೇಜ್ ಜಾಸ್ತಿ ಬಂದರೆ ಆ ಸಿಮ್ ಬಿಟ್ಟು ಬೇರೆ ತೆಗೆದುಕೊಳ್ಳುವುದೇ ಅಗ್ಗ. ನಾನು ಹಾಗೆ ಮಾಡಲಿಲ್ಲ, ಐದುನೂರು ಸ್ಟಿಕರ್ ಮೇಲಿನ ಆಸೆಯಿಂದ.

ಅದರ ಬದಲು ವ್ಯಾಪಾರಕ್ಕೆ ಅಂತ ಬೇರೆ ಬ್ಯಾಂಕ್ ಖಾತೆ ತೆರೆದು ಹೊಸ ನಂಬರನ್ನೇ ಕೊಟ್ಟೆ. ಅದೇ ಸಿಮ್‌ನಿಂದ ಯುಪಿಐ ಶುರು ಮಾಡಿದೆ. ಶುರು ಮಾಡುವಾಗ ಫೋನು ಆ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಕಳಿಸುತ್ತದೆ. ಬ್ಯಾಂಕು ನೋಡುವುದು ಆ ಎಸ್‌ಎಂಎಸ್ ಎಲ್ಲಿಂದ ಬಂತು ಅಂತ. ಆ್ಯಪ್‌ನ ನಂಬರಿನಲ್ಲಿ ಸಿಮ್ಮೇ ಇಲ್ಲ, ಕಳಿಸುವುದು ಎಲ್ಲಿಂದ? ಎಷ್ಟು ಬಾಡಿಗೆ ಕಟ್ಟಿದರೂ ಈ ಒಂದು ಕೆಲಸ ಅದರಿಂದ ಆಗುವುದಿಲ್ಲ. ಈಗ ನನ್ನ ನಂಬರ್ ಹೊಡೆದರೆ ನನ್ನ ಹೆಸರೇ ಬರುತ್ತದೆ. ಆಧಾರ್, ಮನೆಯ ಖಾತೆ, ಗ್ಯಾಸ್ ಬುಕಿಂಗ್ ಎಲ್ಲ ಹಳೇ ನಂಬರಿನಲ್ಲೇ ಇವೆ. ಅದನ್ನು ಗಿರಾಕಿಗೆ ಕೊಡುವುದಿಲ್ಲ.

ಬೀದರಿನಲ್ಲಿರುವ ನನ್ನ ತಮ್ಮ ಮಾತ್ರ ಆ್ಯಪ್ ನಂಬರನ್ನು ಹೊಗಳುತ್ತಾನೆ. ಅವನು ಪರದೇಶದ ಗಿರಾಕಿಗಳಿಗೆ ಡಿಸೈನ್ ಮಾಡಿಕೊಡುತ್ತಾನೆ. ಅಮೆರಿಕದವರು ಅವರ ಊರಿನ ಕರೆಯ ಹಾಗೆ ಅವನಿಗೆ ಹಚ್ಚುತ್ತಾರೆ. ಅವನಿಗೆ ಅದು ಸರಿ, ಯಾಕಂದರೆ ಅದರಲ್ಲಿ ಮಾತು ಬಿಟ್ಟು ಬೇರೇನೂ ಇಲ್ಲ. ಕೆಲಸ ಕೊಡುವ ವೆಬ್‌ಸೈಟಿನ ಲಾಗಿನ್‌ಗೆ ಅದನ್ನು ಕೊಡಲು ಹೋದಾಗ ಈ ಥರದ ನಂಬರ್ ನಡೆಯುವುದಿಲ್ಲ ಅಂತ ಬಂತು. ನಡೆಯದಿದ್ದದ್ದೇ ಒಳ್ಳೆಯದಾಯಿತು ಅಂತ ನಾನು ಅಂದೆ.

ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಫೋನೇ ಕಳೆಯಿತು. ಆಧಾರ್ ಹಿಡಿದುಕೊಂಡು ಅಂಗಡಿಗೆ ಹೋದೆ, ಹಳೇ ಸಿಮ್ ಬಂದ್ ಮಾಡಿಸಿ ಸಂಜೆಗೆ ಎರಡೂ ನಂಬರ್ ವಾಪಸ್ ತಂದೆ. ಡೂಪ್ಲಿಕೇಟ್ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಕದ್ದವರು ಒಟಿಪಿ ತೆಗೆಯಬಾರದು ಅಂತ ಆ ನಿಯಮ. ಯುಪಿಐ ಮರುದಿನ ಶುರುವಾಯಿತು. ವಾಟ್ಸಾಪ್‌ಗೆ ಮಾತ್ರ ಕರೆಯಲ್ಲಿ ಒಟಿಪಿ ತರಿಸಿಕೊಂಡೆ, ಆವತ್ತೇ ರಾತ್ರಿ ಮೊದಲ ಆರ್ಡರ್ ಬಂತು. ಇಪ್ಪತ್ತೈದು ರೊಟ್ಟಿ, ದುಡ್ಡು ಕೈಯಲ್ಲಿ ಕೊಡಿ ಅಂದೆ.