ಚೌಚೌ ಬಾತಿನ ತಟ್ಟೆಯಲ್ಲಿ ಕಲಿತದ್ದು, ಕಲಿಸಿದ್ದು

ಮೈಸೂರಿನ ಉಪಾಹಾರ ಗೃಹವೊಂದರ ಅಡುಗೆಮನೆಯಲ್ಲಿ ತರಬೇತಿಗೆ ಬರುವ ಹುಡುಗರಿಗೆ ತಟ್ಟೆ ಜೋಡಿಸುವುದನ್ನು ನಾನು ಚೌಚೌ ಬಾತಿನಿಂದಲೇ ಆರಂಭಿಸುತ್ತೇನೆ. ಖಾರಾ ಬಾತ್, ಕೇಸರಿ ಬಾತ್ ಎರಡೂ ರವೆಯಿಂದಲೇ ಆಗುವಂಥವು. ಬಿಸಿಯಿದ್ದಾಗ ಮೆತ್ತಗಿದ್ದು ಆರಿದ ಮೇಲೆ ಗಟ್ಟಿಯಾಗುವ ಇವುಗಳಲ್ಲಿ ಕೈತಪ್ಪು ಬಚ್ಚಿಡಲು ಜಾಗವೇ ಇಲ್ಲ.

ಮೊದಲ ಪಾಠ ಕಲಿತವನು ನಾನೇ. ಒಂದು ಬೆಳಿಗ್ಗೆ ಎರಡೂವರೆ ಕಿಲೋ ಖಾರಾ ಬಾತಿನಿಂದ 16 ತಟ್ಟೆ ಬರಬೇಕಿತ್ತು, ಆದರೆ 13ಕ್ಕೇ ಪಾತ್ರೆ ಖಾಲಿಯಾಯಿತು. ಅಷ್ಟಾದರೂ ಒಬ್ಬ ಗಿರಾಕಿ ತನಗೆ ಕಡಿಮೆ ಬಡಿಸಿದ್ದಾರೆಂದು ಗೊಣಗಿ ಹೋಗಿದ್ದರು. ಮರುದಿನ ಮೂವರು ಹುಡುಗರು ಒಂದೇ ಸೌಟಿನಲ್ಲಿ ಬಡಿಸಿದ್ದನ್ನು ತೂಗಿಸಿದಾಗ ಒಬ್ಬನದು 140 ಗ್ರಾಂ, ಇನ್ನೊಬ್ಬನದು 175, ಮತ್ತೊಬ್ಬನದು 215 ಇತ್ತು. ಸೌಟಿನ ಮೇಲೆ ಗುಡ್ಡೆ ಏರಿಸುವ ರೀತಿ ಒಬ್ಬೊಬ್ಬರದು ಒಂದೊಂದಾದ್ದರಿಂದ ಸೌಟು ಅಳತೆಯೇ ಅಲ್ಲವೆಂದು ಅಂದು ತಿಳಿಯಿತು. ಅಂದಿನಿಂದ ಒಂದೇ ಅಳತೆಯ ಸ್ಟೀಲ್ ಬಟ್ಟಲುಗಳನ್ನು ತಂದು, ಖಾರಾ ಬಾತಿಗೆ 155 ಗ್ರಾಂ, ಕೇಸರಿ ಬಾತಿಗೆ ಸಣ್ಣ ಬಟ್ಟಲಿನಲ್ಲಿ 90 ಗ್ರಾಂ ಎಂದು ಗೊತ್ತು ಮಾಡಿದೆವು.

ಬಟ್ಟಲು ಬಂದ ಮೇಲೆ ಎತ್ತರದ ಪ್ರಶ್ನೆಯೂ ಅರ್ಧ ಬಗೆಹರಿಯಿತು. ಅದೇ 155 ಗ್ರಾಂ ಚಪ್ಪಟೆಯಾಗಿ ಹರಡಿದರೆ ಮಿಕ್ಕಿ ಉಳಿದದ್ದನ್ನು ಬಡಿಸಿದಂತೆ ಕಾಣುತ್ತದೆ, ಬಟ್ಟಲಿನಿಂದ ಮಗುಚಿ ಎತ್ತರವಾಗಿ ನಿಲ್ಲಿಸಿದರೆ ಹೆಚ್ಚು ಬಡಿಸಿದಂತೆ ಕಾಣುತ್ತದೆ. ಮದ್ದೂರಿನ ಕಡೆಯಿಂದ ಬಂದ ಹುಡುಗನೊಬ್ಬನಿಗೆ ಇದು ನಂಬಿಕೆಯಾಗದೆ, "ಸರ್, ಎರಡೂ ಒಂದೇ ತೂಕ ಅಂತೀರಾ?" ಎಂದು ಕೇಳಿ, ತಾನೇ ಎರಡನ್ನೂ ತಕ್ಕಡಿಗಿಟ್ಟು ನೋಡಿದ. ಆದರೆ ಬಟ್ಟಲು ಬೋರಲು ಹಾಕಿದ ಮಾತ್ರಕ್ಕೆ ಎತ್ತರ ನಿಲ್ಲುವುದಿಲ್ಲ. ಒಂದು ಲೋಟ ರವೆಗೆ ಮೂರು ಲೋಟ ನೀರು ಹಾಕಿದ ಮೆತ್ತನೆಯ ಖಾರಾ ಬಾತ್ ಒಲೆಯಿಂದ ಇಳಿಸಿದ ಕೂಡಲೇ ಮಗುಚಿದರೆ ಅಂಚು ಕುಸಿದು ಹರಡುತ್ತದೆ, ಹೆಚ್ಚು ಆರಿದರೆ ಬಟ್ಟಲಿಗೇ ಅಂಟಿ ಮೇಲ್ಭಾಗ ಕಿತ್ತು ಬರುತ್ತದೆ. ನಾವು ನೀರನ್ನು ಎರಡೂವರೆ ಲೋಟಕ್ಕೆ ಇಳಿಸಿ, ಮುಚ್ಚಿ ಮೂರು ನಿಮಿಷ ಹಬೆಯಲ್ಲಿ ಬಿಟ್ಟು, ಆಮೇಲೆ ಬಟ್ಟಲಿಗೆ ತುಂಬುತ್ತೇವೆ. ಖಾರಾ ಬಾತಿನ ಬಟ್ಟಲಿಗೆ ಒಳಗೆ ನೀರು ಸವರುವುದು, ಕೇಸರಿ ಬಾತಿನದಕ್ಕೆ ತುಪ್ಪ. ತುಂಬುವಾಗ ಸೌಟಿನ ಬೆನ್ನಿನಿಂದ ಒಮ್ಮೆ ಮೆಲ್ಲನೆ ಒತ್ತಿದರೆ ಸಾಕು. ಹುಡುಗರು ಹುಮ್ಮಸ್ಸಿನಿಂದ ಅದುಮಿದಾಗ ಅದು ಇಟ್ಟಿಗೆಯಾಗಿ, ಚಮಚಕ್ಕೆ ತುಂಡುತುಂಡಾಗಿ ಬರುತ್ತದೆ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಖಾರಾ ಬಾತಿಗೆ ಅರಿಶಿನ ಹಾಕಿದರೆ ಅದು ಕೇಸರಿ ಬಾತಿನ ಪಕ್ಕದಲ್ಲಿ ಹಳದಿಗೆ ಹಳದಿಯಾಗಿ ಎರಡೂ ಮಂಕಾಗುತ್ತವೆ. ಆದ್ದರಿಂದ ಚೌಚೌ ಬಾತಿಗೆಂದು ಮಾಡುವ ಪಾತ್ರೆಗೆ ಅರಿಶಿನವನ್ನೇ ಬಿಡಿಸಿದ್ದೇನೆ. ಬಿಳಿಯ ರವೆಯಲ್ಲಿ ಕ್ಯಾರೆಟ್ಟು, ಬೀನ್ಸು, ಕರಿಬೇವು ತಾವಾಗಿಯೇ ಎದ್ದು ಕಾಣುತ್ತವೆ. ಅಲಂಕಾರಕ್ಕೆಂದು ಬೀಟ್‌ರೂಟ್ ಬಿಲ್ಲೆ, ಟೊಮೇಟೊ ಹೂವು ಇಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಒಳಗಿಲ್ಲದ್ದು ಮೇಲೆ ಬರಕೂಡದು: ಖಾರಾ ಬಾತಿನ ಮೇಲೆ ಹುರಿದ ಗೋಡಂಬಿ ಮತ್ತು ಕೊತ್ತಂಬರಿ, ಕೇಸರಿ ಬಾತಿನ ಮೇಲೆ ಒಂದು ದ್ರಾಕ್ಷಿ, ಅಷ್ಟೆ. ಕೊತ್ತಂಬರಿಯನ್ನು ತಟ್ಟೆ ಹೊರಡುವ ಹೊತ್ತಿಗೆ ಹಾಕಬೇಕು, ಮೊದಲೇ ಹಾಕಿದರೆ ಹಬೆಗೆ ಬಾಡಿ ಕಪ್ಪಾಗುತ್ತದೆ.

ಅಂಚಿನ ಕೊಳೆಗೆ ಬಹುಪಾಲು ಕಾರಣ ಚಟ್ನಿ ಮತ್ತು ತುಪ್ಪ. ಚಟ್ನಿಯನ್ನು ತಟ್ಟೆಗೇ ಸುರಿದರೆ ಸ್ವಲ್ಪ ಹೊತ್ತಿನಲ್ಲಿ ಅದರ ನೀರು ಬಿಟ್ಟುಕೊಂಡು ಕೇಸರಿ ಬಾತಿನ ಕಡೆ ಹರಿಯುತ್ತದೆ. ಹಾಗಾಗಿ ಅದಕ್ಕೆ ಬೇರೆ ಬಟ್ಟಲು, ಅದೂ ಮುಕ್ಕಾಲು ಭಾಗ ಮಾತ್ರ ತುಂಬಿದ್ದು. ತುಪ್ಪದ ಕಥೆ ಬೇರೆ. ಚಳಿಗಾಲದ ಬೆಳಗಿನಲ್ಲಿ ತಣ್ಣಗಿರುವ ಸ್ಟೀಲ್ ತಟ್ಟೆಗೆ ಕೇಸರಿ ಬಾತ್ ಹಾಕಿದರೆ ಒಸರಿದ ತುಪ್ಪ ಹೆಪ್ಪುಗಟ್ಟಿ ಸುತ್ತಲೂ ಮಸುಕಾದ ಉಂಗುರವೊಂದು ಕೂರುತ್ತದೆ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಜಿಡ್ಡು ಇನ್ನಷ್ಟು ಹರಡುತ್ತದೆ. ಅದಕ್ಕೇ ತಟ್ಟೆಗಳನ್ನು ಇಡ್ಲಿ ಪಾತ್ರೆಯ ಪಕ್ಕದಲ್ಲಿ ಬೆಚ್ಚಗಿಟ್ಟುಕೊಳ್ಳುತ್ತೇವೆ. ಒರೆಸುವಾಗ ಮೊದಲು ಒಣಗಿದ ಬಟ್ಟೆ, ಆಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ. ಯಾವಾಗಲೂ ಒಳಗಿನಿಂದ ಹೊರಕ್ಕೆ, ಒಂದೊಂದು ಸಲಕ್ಕೂ ಬಟ್ಟೆಯ ಹೊಸ ಮಡಿಕೆ.

ಮಂಡ್ಯದ ಹುಡುಗರು ಮುದ್ದೆಯ ತಟ್ಟೆಗೂ ಇದನ್ನೆಲ್ಲ ಅನ್ವಯಿಸಲು ಹೋಗಿ ಒಮ್ಮೆ ನಗೆಪಾಟಲಾದರು. ಮುದ್ದೆಗೆ ಎತ್ತರ ಹುಟ್ಟಿನಿಂದಲೇ ಇದೆ. ಅದರ ನೆತ್ತಿಯ ಮೇಲೆ ಬಸ್ಸಾರು ಸುರಿದರೆ ನುಣುಪು ಹೋಗಿ ಸಾರು ಅಂಚಿಗೆ ಚಿಮ್ಮುತ್ತದೆ. ಸೌಟನ್ನು ತಟ್ಟೆಗೆ ತಾಗುವಷ್ಟು ತಗ್ಗಿಸಿ, ಮುದ್ದೆಯ ಬುಡಕ್ಕೆ ಮೆಲ್ಲನೆ ಬಿಟ್ಟರೆ ಒರೆಸುವ ಬಟ್ಟೆಯೇ ಬೇಕಾಗುವುದಿಲ್ಲ.